ಬಾಡಿಗೆ ಫ್ರಿಜ್, ವಾಷಿಂಗ್ ಮೆಷಿನ್, ವಾರ್ಡ್‌ರೋಬ್ ಅವಧಿಗೆ ಮುಂಚೆ ವಾಪಸ್ ಕೊಡುವುದು: ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ವರ್ಗಾವಣೆ ಆದೇಶಕ್ಕೆ ನೀವು ಮಾಡಿಕೊಂಡ ಹನ್ನೆರಡು ತಿಂಗಳ ಬಾಡಿಗೆ ಪ್ಲಾನ್ ಗೊತ್ತಿರುವುದಿಲ್ಲ. ಮಳೆಗಾಲದ ಮಧ್ಯದಲ್ಲೇ ಮನೆ ಖಾಲಿ ಮಾಡಬೇಕಾಗುತ್ತದೆ. ಬಾಡಿಗೆ ಸಾಮಾನು ಹೊರಗೆ ಹೋಗಬೇಕು, ಡೆಪಾಸಿಟ್ ಒಳಗೆ ಬರಬೇಕು. ಇದರಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ: ಲೆಕ್ಕ ಹಾಕದೆ ರಿಕ್ವೆಸ್ಟ್ ಹಾಕುವಾಗ, ಮತ್ತು ಪಿಕಪ್ ದಿನ ಕಾಗದ ಓದದೆ ಸಹಿ ಮಾಡುವಾಗ. ಆಮೇಲಿನ ಇಮೇಲ್ ಜಗಳಗಳಲ್ಲಿ ಬಹುಪಾಲು ಈ ಎರಡು ಗಳಿಗೆಯಲ್ಲೇ ಹುಟ್ಟಿದವು.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಶಿವಮೊಗ್ಗದ ವಿನೋಬನಗರದಲ್ಲಿ ಮೊದಲ ಮಹಡಿಯ ಮನೆ. 190 ಲೀಟರ್ ಸಿಂಗಲ್ ಡೋರ್ ಫ್ರಿಜ್, 6 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಎರಡು ಬಾಗಿಲಿನ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್. ಮೂರಕ್ಕೂ ಸೇರಿ ತಿಂಗಳಿಗೆ 2,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಡೆಪಾಸಿಟ್ 4,000. ಪ್ಲಾನ್ ಜನವರಿ 10ಕ್ಕೆ ಶುರುವಾಗಿದೆ, ಆಗಸ್ಟ್ 20ಕ್ಕೆ ಮುಗಿಸಬೇಕಿದೆ. ಅಂಕಿಗಳು ಲೆಕ್ಕ ತೋರಿಸಲು ಹಾಕಿದವು. ನಿಮ್ಮ ಕಾಗದದಲ್ಲಿರುವುದನ್ನು ಅಲ್ಲಲ್ಲಿ ಬದಲಿಸಿಕೊಳ್ಳಿ.

ರಿಕ್ವೆಸ್ಟ್ ಹಾಕುವ ಮುಂಚೆ: ಮುಂಗಡ ಮುಕ್ತಾಯ ಶುಲ್ಕ

ಒಪ್ಪಂದದಲ್ಲಿ ಅವಧಿಗೆ ಮುಂಚೆ ಮುಗಿಸುವ ಬಗ್ಗೆ ಒಂದು ಷರತ್ತು ಇದ್ದೇ ಇರುತ್ತದೆ. ಅದು ಸಾಮಾನ್ಯವಾಗಿ ಮೂರು ವಿಧಗಳಲ್ಲಿ ಒಂದು.

ಮೊದಲನೆಯದು, ದರ ವ್ಯತ್ಯಾಸ. ಹೆಚ್ಚು ತಿಂಗಳಿಗೆ ತೆಗೆದುಕೊಂಡರೆ ತಿಂಗಳ ಬಾಡಿಗೆ ಕಡಿಮೆ. ಬೇಗ ಬಿಟ್ಟರೆ ಆ ರಿಯಾಯಿತಿಯನ್ನು ವಾಪಸ್ ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಆರು ತಿಂಗಳ ಪ್ಲಾನಿನ ದರ 2,350 ಎಂದಿಟ್ಟುಕೊಳ್ಳಿ. ಪೂರ್ತಿಯಾಗಿ ಕಳೆದದ್ದು ಏಳು ತಿಂಗಳು. ಆರು ದಾಟಿದೆ, ಹನ್ನೆರಡು ಮುಟ್ಟಿಲ್ಲ, ಹಾಗಾಗಿ ಆರು ತಿಂಗಳ ದರ ಅನ್ವಯ. ವ್ಯತ್ಯಾಸ ತಿಂಗಳಿಗೆ 350, ಏಳು ತಿಂಗಳಿಗೆ 2,450, ಜಿಎಸ್‌ಟಿ 441 ಸೇರಿ 2,891.

ಎರಡನೆಯದು, ನಿಗದಿ ಮೊತ್ತ. ಒಂದು ತಿಂಗಳ ಬಾಡಿಗೆ ಎಂದಿದ್ದರೆ 2,000 ಮತ್ತು ಜಿಎಸ್‌ಟಿ 360, ಒಟ್ಟು 2,360. ಮೂರನೆಯದು, ಉಳಿದ ಎಲ್ಲ ತಿಂಗಳ ಬಾಡಿಗೆ. ಇಲ್ಲಿ ಐದು ತಿಂಗಳಿಗೆ 10,000, ತೆರಿಗೆ ಸೇರಿ 11,800. ಹೀಗೆ ಬರೆದಿದ್ದರೆ ಸುಮ್ಮನೆ ಕಟ್ಟಬೇಡಿ. ಭಾರತೀಯ ಒಪ್ಪಂದ ಕಾಯ್ದೆ 1872ರ 74ನೇ ಕಲಂ ಪ್ರಕಾರ, ಕಾಗದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗಬೇಕಾದದ್ದು ಅದರೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಸಾಮಾನು ವಾಪಸ್ ಹೋದ ವಾರವೇ ಇನ್ನೊಬ್ಬರ ಮನೆಗೆ ಬಾಡಿಗೆಗೆ ಹೋಗುವಾಗ ಐದು ತಿಂಗಳ ನಷ್ಟ ಆಯಿತು ಎನ್ನುವುದು ಗಟ್ಟಿಯಾಗಿ ನಿಲ್ಲುವ ವಾದವಲ್ಲ. ಈ ಮಾತನ್ನು ಮೊದಲೇ, ಮರ್ಯಾದೆಯಿಂದಲೇ, ಬರಹದಲ್ಲಿ ತಿಳಿಸಿ.

ದರ ವ್ಯತ್ಯಾಸದ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ, ಗಮನಿಸಿ. ನೀವು ಹೆಚ್ಚು ದಿನ ಇಟ್ಟುಕೊಂಡಷ್ಟೂ ಶುಲ್ಕ ಏರುತ್ತದೆ. ಹತ್ತು ತಿಂಗಳಿಗೆ ಬಿಟ್ಟರೆ 3,500, ಉಳಿದ ಎರಡು ತಿಂಗಳ ಬಾಡಿಗೆ 4,000. ಹೆಚ್ಚುಕಮ್ಮಿ ಸಮ. ಹನ್ನೊಂದಕ್ಕೆ ಬಿಟ್ಟರೆ 3,850, ಉಳಿದ ಒಂದು ತಿಂಗಳಿಗೆ ಬರೀ 2,000. ಅಂದರೆ ಕೊನೆಯ ತಿಂಗಳಲ್ಲಿ ಮನೆ ಖಾಲಿ ಮಾಡುವುದಾದರೆ ಪ್ಲಾನ್ ಮುಗಿಯುವವರೆಗೆ ಸಾಮಾನನ್ನು ಪರಿಚಯದವರ ಮನೆಯಲ್ಲಿಟ್ಟು ಬಾಡಿಗೆ ಕಟ್ಟುವುದೇ ಅಗ್ಗ. ಆದರೆ ವಿಳಾಸ ಬದಲಾವಣೆಗೆ ಕಂಪನಿಯ ಒಪ್ಪಿಗೆ ಬರಹದಲ್ಲಿ ಬೇಕು, ಇಲ್ಲದಿದ್ದರೆ ಅದೇ ಒಪ್ಪಂದದ ಉಲ್ಲಂಘನೆ ಆಗಿಬಿಡುತ್ತದೆ.

ಈಗ ಉಳಿದ ದಿನಗಳ ಬಾಡಿಗೆ. ಆಗಸ್ಟ್ 10ರಿಂದ 20ರವರೆಗೆ ಹನ್ನೊಂದು ದಿನ. 2,000ವನ್ನು 31ರಿಂದ ಭಾಗಿಸಿ 11ರಿಂದ ಗುಣಿಸಿದರೆ 710, ತೆರಿಗೆ ಸೇರಿ 838. ಕೆಲವರು ದಿನದ ಲೆಕ್ಕ ಹಾಕುತ್ತಾರೆ, ಕೆಲವರು ಇಡೀ ತಿಂಗಳು ಹಾಕುತ್ತಾರೆ. ಇಡೀ ತಿಂಗಳು ಹಾಕುವವರಾದರೆ ಪಿಕಪ್ ದಿನಾಂಕವನ್ನು 9ಕ್ಕೆ ತಂದುಕೊಳ್ಳುವುದೇ ಜಾಣತನ.

4,000ದಲ್ಲಿ 2,891 ಮತ್ತು 838 ಕಳೆದರೆ ಉಳಿಯುವುದು 271 ರೂಪಾಯಿ. ಹಾನಿಯ ಮಾತು ಇನ್ನೂ ಶುರುವೇ ಆಗಿಲ್ಲ! ಇದು ಮೊದಲೇ ಗೊತ್ತಿದ್ದರೆ 'ನನ್ನ ನಾಲ್ಕು ಸಾವಿರ ಎಲ್ಲಿ' ಎಂದು ಆಮೇಲೆ ಜಗಳವಾಡುವ ಬದಲು, ಜಗಳ ಬೇಕಾದ ಜಾಗದಲ್ಲಿ ಮಾತ್ರ ಆಡಬಹುದು.

ರಿಕ್ವೆಸ್ಟಿನಲ್ಲಿ ಏನು ಬರೆಯಬೇಕು

ಫೋನಿನಲ್ಲಿ ಹೇಳಿ ಬಿಡಬೇಡಿ. ಆಪ್‌ನಲ್ಲಿ ರಿಕ್ವೆಸ್ಟ್ ಹಾಕಿ ಟಿಕೆಟ್ ನಂಬರ್ ತೆಗೆದುಕೊಳ್ಳಿ, ಅದೇ ವಿಷಯವನ್ನು ಇಮೇಲಿನಲ್ಲೂ ಕಳಿಸಿ. ಊರಿನ ಅಂಗಡಿಯಿಂದ ತಂದಿದ್ದರೆ ವಾಟ್ಸಾಪ್ ಸಾಕು, ಆದರೆ ಅವರಿಂದ 'ಆಯ್ತು' ಎಂಬ ಉತ್ತರ ಬಂದಿರಬೇಕು. ನೋಟಿಸ್ ಅವಧಿ ಎಷ್ಟು ದಿನ ಎಂದು ಒಪ್ಪಂದದಲ್ಲಿ ನೋಡಿ, ಅದಕ್ಕೂ ಒಂದು ವಾರ ಮುಂಚೆ ಕಳಿಸಿ. ಮಾತು ಹೀಗಿರಲಿ:

'ಆರ್ಡರ್ ನಂಬರ್ ಇಷ್ಟರ ಮೂರು ಸಾಮಾನುಗಳ ಬಾಡಿಗೆಯನ್ನು ಆಗಸ್ಟ್ 20ಕ್ಕೆ ಮುಗಿಸುತ್ತಿದ್ದೇನೆ. ಮುಂಗಡ ಮುಕ್ತಾಯ ಶುಲ್ಕ, ಉಳಿದ ಬಾಡಿಗೆ, ಸಾಗಣೆ ಖರ್ಚು ಇದ್ದರೆ ಅದು, ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಮಾಡಿ ಪಿಕಪ್‌ಗೆ ಮುಂಚೆ ಕಳಿಸಿ. 20ಕ್ಕೆ ಸಾಮಾನು ಒಪ್ಪಿಸಲು ಸಿದ್ಧನಿದ್ದೇನೆ. ನಿಮ್ಮ ಕಡೆಯಿಂದ ಪಿಕಪ್ ತಡವಾದರೆ ಆ ನಂತರದ ದಿನಗಳಿಗೆ ಬಾಡಿಗೆ ಬರುವುದಿಲ್ಲ ಎಂದು ದೃಢಪಡಿಸಿ.'

ಕೊನೆಯ ವಾಕ್ಯ ಮಲೆನಾಡಿಗೆ ತುಂಬಾ ಮುಖ್ಯ. ಬಾಡಿಗೆ ನಿಲ್ಲುವುದು ರಿಕ್ವೆಸ್ಟ್ ಹಾಕಿದ ದಿನವಲ್ಲ, ಸಾಮಾನು ಮನೆ ಬಿಟ್ಟ ದಿನ ಎಂದು ಎಷ್ಟೋ ಒಪ್ಪಂದಗಳಲ್ಲಿರುತ್ತದೆ. ಶಿವಮೊಗ್ಗ ನಗರದಲ್ಲಾದರೆ ಇಂದಲ್ಲ ನಾಳೆ ಗಾಡಿ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಾದರೆ ಆ ದಾರಿಯಲ್ಲಿ ಇನ್ನೆರಡು ಪಿಕಪ್ ಸೇರುವವರೆಗೆ ಗಾಡಿ ಹೊರಡಿಸದೆ ಕಾಯಿಸುವುದುಂಟು. ಜಡಿಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಮತ್ತೆರಡು ದಿನ. ಮನೆಯವರೆಗೆ ಗಾಡಿ ಬರುವುದಿಲ್ಲ, ದಿಣ್ಣೆ ಹತ್ತಬೇಕು ಅಥವಾ ಲಿಫ್ಟ್ ಇಲ್ಲ ಎಂದಿದ್ದರೆ ಅದನ್ನೂ ಮೊದಲೇ ಬರೆಯಿರಿ. ಬಾಗಿಲಿಗೆ ಬಂದ ಮೇಲೆ ಹೊರುವ ಕೂಲಿ ಎಂದು ಕೇಳುವ ಹಣಕ್ಕೆ ರಸೀದಿ ಸಿಗುವುದು ಅಪರೂಪ.

ಪಿಕಪ್ ದಿನವನ್ನೂ ಮನೆ ಕೀ ಕೊಡುವ ದಿನವನ್ನೂ ಒಂದೇ ಮಾಡಿಕೊಳ್ಳಬೇಡಿ. ನಡುವೆ ಮೂರು ದಿನವಾದರೂ ಇರಲಿ. ಪಿಕಪ್ ಹೊತ್ತಿಗೆ ಕರೆಂಟ್ ಸಂಪರ್ಕ ಇರಲೇಬೇಕು, ಇಲ್ಲದಿದ್ದರೆ ಫ್ರಿಜ್, ಮೆಷಿನ್ ಓಡಿಸಿ ನೋಡಲಾಗುವುದಿಲ್ಲ.

ಆಟೋಪೇ ರದ್ದು ಮಾಡುವ ಆತುರ ಬೇಡ. ಮೊದಲೇ ರದ್ದು ಮಾಡಿದರೆ ನ್ಯಾಯವಾದ ಬಾಡಿಗೆಯೂ ಕಟ್ಟದೆ ಉಳಿದು, ತಡ ಶುಲ್ಕ ಬಿದ್ದು, ತಪ್ಪು ನಿಮ್ಮದಾಗುತ್ತದೆ. ಪಿಕಪ್ ರಸೀದಿ ಕೈಗೆ ಬಂದು, ಅಂತಿಮ ಲೆಕ್ಕ ಬಂದ ಮೇಲೆ ಯುಪಿಐ ಆಪ್‌ನಲ್ಲೇ ಮ್ಯಾಂಡೇಟ್ ತೆಗೆಯಿರಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಆಟೋಪೇ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ಸಾಮಾನು ಹೋದ ಮೇಲೂ ಅಂಥ ಮೆಸೇಜ್ ಬಂದರೆ ತಡೆಯಲು ನಿಮಗೆ ಒಂದು ದಿನ ಸಿಕ್ಕ ಹಾಗೆ.

ಪಿಕಪ್‌ಗೆ ಮುಂಚಿನ ಎರಡು ದಿನ

ಫ್ರಿಜ್‌ನ ವಿಷಯದಲ್ಲಿ ಒಂದು ತೊಡಕಿದೆ. ಸಾಗಿಸಲು ಅದು ಒಣಗಿರಬೇಕು, ಪರೀಕ್ಷಿಸಲು ಓಡುತ್ತಿರಬೇಕು. ಹಾಗಾಗಿ ಎರಡು ದಿನ ಮುಂಚೆ, ಫ್ರಿಜ್ ಓಡುತ್ತಿರುವಾಗ, ಐಸ್ ಟ್ರೇಯಲ್ಲಿ ಗಟ್ಟಿಯಾದ ಐಸ್ ಕಾಣುವಂತೆ, ಬಾಗಿಲಿನ ರಬ್ಬರ್, ಒಳಗಿನ ದೀಪ, ಎಲ್ಲ ಗಾಜಿನ ಹಲಗೆ, ತರಕಾರಿ ಡಬ್ಬಿ ಸೇರಿಸಿ ಒಂದೇ ಉದ್ದನೆಯ ವಿಡಿಯೋ ಮಾಡಿ. ಕೊನೆಯಲ್ಲಿ ಹಿಂಬದಿಯ ಸೀರಿಯಲ್ ನಂಬರ್ ತೋರಿಸಿ. ಪಿಕಪ್‌ನ ಹಿಂದಿನ ದಿನ ಬೆಳಿಗ್ಗೆ ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಕರಗಿದ ನೀರನ್ನು ಬಟ್ಟೆಯಲ್ಲಿ ಹೀರಿಸಿ. ಹಿಂದೆ ಕಂಪ್ರೆಸರ್ ಮೇಲೆ ಒಂದು ನೀರಿನ ತಟ್ಟೆ ಇರುತ್ತದೆ. ಅದನ್ನು ಮರೆತರೆ ಗಾಡಿಯಲ್ಲಿ ಆ ಕೊಳಕು ನೀರು ವಾರ್ಡ್‌ರೋಬ್ ಹಲಗೆಯ ಮೇಲೇ ಚೆಲ್ಲುತ್ತದೆ. ಐಸನ್ನು ಚಾಕುವಿನಿಂದ ಕೆರೆಯಬೇಡಿ. ಫ್ರೀಜರ್ ತಗಡಿನ ಒಳಗೇ ಅನಿಲದ ಕೊಳವೆ ಇರುತ್ತದೆ, ತೂತು ಬಿದ್ದರೆ ಅದು ನಿಜಕ್ಕೂ ನಿಮ್ಮ ತಲೆಗೇ ಬರುವ ಹಾನಿ.

ಫ್ರಂಟ್ ಲೋಡ್ ಮೆಷಿನ್‌ನಲ್ಲಿ ನೋಡಬೇಕಾದ್ದು ಟ್ರಾನ್ಸಿಟ್ ಬೋಲ್ಟ್. ಹೊಸದಾಗಿ ಬಂದಾಗ ಹಿಂಬದಿಯಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟ್‌ಗಳು ಡ್ರಮ್ಮನ್ನು ಅಲುಗಾಡದಂತೆ ಹಿಡಿದಿರುತ್ತವೆ. ಜೋಡಿಸುವವರು ಅವನ್ನು ಬಿಚ್ಚುತ್ತಾರೆ. ಅವಿಲ್ಲದೆ ಹಳ್ಳಬಿದ್ದ ರಸ್ತೆಯಲ್ಲಿ ಸಾಗಿಸಿದರೆ ಡ್ರಮ್ ಸ್ಪ್ರಿಂಗ್‌ಗಳ ಮೇಲೆ ತೂಗಾಡಿ ಹೊರಕವಚಕ್ಕೆ ಬಡಿಯುತ್ತದೆ. ಗೋದಾಮಿಗೆ ಹೋದ ಮೇಲೆ 'ಮೆಷಿನ್ ಶಬ್ದ ಮಾಡುತ್ತಿದೆ, ಶಾಕರ್ ಹೋಗಿದೆ' ಎಂಬ ಬಿಲ್ ಬರುವುದು ಇದರಿಂದಲೇ. ಬೋಲ್ಟ್ ನಿಮ್ಮಲ್ಲಿದ್ದರೆ ಹುಡುಗರ ಮುಂದೆಯೇ ಹಾಕಿಸಿ, ಫೋಟೋ ತೆಗೆಯಿರಿ. ಜೋಡಿಸಿದ ದಿನವೇ ಅವರು ಒಯ್ದಿದ್ದರೆ ಹಾಗೆಂದು ರಿಕ್ವೆಸ್ಟಿನಲ್ಲೇ ಬರೆಯಿರಿ. ಆಮೇಲೆ ನಲ್ಲಿ ನಿಲ್ಲಿಸಿ, ಪೈಪ್ ಬಿಚ್ಚಿ, ಮುಂದೆ ಕೆಳಗಿನ ಮೂಲೆಯ ಮುಚ್ಚಳ ತೆಗೆದು ಫಿಲ್ಟರ್ ತಿರುಗಿಸಿ. ಒಂದೆರಡು ಲೀಟರ್ ನೀರು ಹೊರಬರುತ್ತದೆ, ಅಗಲವಾದ ತಟ್ಟೆ ಇಟ್ಟುಕೊಂಡಿರಿ.

ವಾರ್ಡ್‌ರೋಬ್: ಮಳೆಗಾಲದ ಜಗಳವೆಲ್ಲ ಇಲ್ಲೇ

ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ಮೇಲಿನ ಲ್ಯಾಮಿನೇಟ್ ನೀರು ತಡೆಯುತ್ತದೆ, ಅಂಚು ತಡೆಯುವುದಿಲ್ಲ. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೆ ಸಾಕು, ಒಳಗಿನ ಪುಡಿ ನೀರು ಹೀರಿ ನೆನೆಸಿದ ಅವಲಕ್ಕಿಯ ಹಾಗೆ ಉಬ್ಬುತ್ತದೆ, ಒಣಗಿದರೂ ಇಳಿಯುವುದಿಲ್ಲ. ಪಿಕಪ್ ಹುಡುಗರು ಇದನ್ನು ನೋಡಿ ಫಾರ್ಮಿನಲ್ಲಿ 'ನೀರಿನ ಹಾನಿ' ಎಂದು ಎರಡೇ ಪದ ಬರೆಯುತ್ತಾರೆ. ಆ ಎರಡು ಪದಕ್ಕೆ ಇಡೀ ವಾರ್ಡ್‌ರೋಬಿನ ದುಡ್ಡು ಕೇಳಬಹುದು.

ಆದರೆ ನೀರು ಎಲ್ಲಿಂದ ಬಂತು ಎಂಬುದನ್ನು ಹಲಗೆಯೇ ಹೇಳುತ್ತದೆ. ಹೆಬ್ಬೆರಳ ಉಗುರನ್ನು ಕೆಳಗಿನ ಅಂಚಿನುದ್ದಕ್ಕೂ ಎಳೆದು ನೋಡಿ. ಮುಂಭಾಗದಲ್ಲಿ, ನೆಲದಿಂದ ಒಂದೆರಡು ಇಂಚಿನೊಳಗೆ ಮಾತ್ರ ಉಬ್ಬಿದ್ದರೆ ಅದು ನೆಲ ಒರೆಸಿದ ನೀರು. ಬಳಕೆದಾರರ ಕಡೆಯ ತಪ್ಪು ಎಂದು ವಾದಿಸಲು ಅವರಿಗೆ ಅವಕಾಶವಿದೆ. ಮುಂಭಾಗ ನೆಟ್ಟಗಿದ್ದು, ಹಿಂದಿನ ತೆಳು ಹಲಗೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿ, ಬೂಸ್ಟು ಮೇಲಿನವರೆಗೂ ಹರಡಿದ್ದರೆ ಅದು ಗೋಡೆಯ ಥಂಡಿ. ನೈಋತ್ಯದ ಮಳೆ ಹೊಡೆಯುವ ಪಶ್ಚಿಮದ ಗೋಡೆ ಜುಲೈ, ಆಗಸ್ಟ್‌ನಲ್ಲಿ ಒಳಗೂ ಬೆವರುವುದು ಇಲ್ಲಿನವರಿಗೆ ಹೊಸದಲ್ಲ. ಬಾಡಿಗೆ ಸಾಮಾನು ಕಾನೂನಿನ ಕಣ್ಣಿಗೆ ನಿಮ್ಮ ವಶದಲ್ಲಿಟ್ಟ ಇನ್ನೊಬ್ಬರ ವಸ್ತು. ಒಪ್ಪಂದ ಕಾಯ್ದೆಯ 151ನೇ ಕಲಂ ನಿಮ್ಮಿಂದ ಕೇಳುವುದು ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ. ಅಷ್ಟು ಎಚ್ಚರ ವಹಿಸಿದ್ದರೆ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಹಾನಿಗೆ ನೀವು ಹೊಣೆಯಲ್ಲ ಎನ್ನುತ್ತದೆ 152ನೇ ಕಲಂ. ಆ 'ಬೇರೆ ಮಾತು' ನಿಮ್ಮ ಕಾಗದದಲ್ಲಿ ಇದೆಯೇ ಎಂದು ಹುಡುಕಿ. ಜೊತೆಗೆ, ವಾರ್ಡ್‌ರೋಬನ್ನು ಗೋಡೆಯಿಂದ ನಾಲ್ಕು ಇಂಚು ದೂರ ಇಟ್ಟಿದ್ದು, ಹಿಂದಿನ ಗೋಡೆಯ ತೇವ, ಇವೆರಡರ ಫೋಟೋ ಇರಲಿ.

ಬರೀ ಬೂಸ್ಟು ಹಾನಿಯಲ್ಲ, ಕೊಳೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ, ಬಾಗಿಲು ತೆರೆದು ಎರಡು ದಿನ ಫ್ಯಾನ್ ಹಾಕಿ. ಉಬ್ಬಿದ ಅಂಚಿಗೆ ಫೆವಿಕಾಲ್ ಬಳಿದು, ಬಣ್ಣ ಹೊಡೆದು ಮುಚ್ಚುವ ಕೆಲಸಕ್ಕೆ ಹೋಗಬೇಡಿ. ಗೋದಾಮಿನಲ್ಲಿ ಅದು ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಬಾಗಿಲಲ್ಲಿನ ಅರ್ಧ ಗಂಟೆ

ಗಾಡಿ ಕೆಳಗೆ ನಿಂತಿದೆ, ಮಳೆ ಹನಿಯುತ್ತಿದೆ, ಹುಡುಗ ಮೊಬೈಲ್ ಚಾಚಿ 'ಸಾರ್, ಇಲ್ಲೊಂದು ಸೈನ್ ಹಾಕಿ' ಎನ್ನುತ್ತಾನೆ. ಅವನಿಗೆ ಇನ್ನೂ ಎರಡು ಮನೆ ಬಾಕಿ ಇದೆ, ಅವನ ಮೇಲೆ ಕೋಪ ಬೇಡ. ಆದರೆ ಸಾಮಾನು ಗಾಡಿಗೆ ಏರುವ ಮುಂಚೆಯೇ, ಮನೆಯೊಳಗೇ, ಅವನ ಫಾರ್ಮಿನಲ್ಲಿ ಏನಿದೆ ಎಂದು ಓದಿ. ಪ್ರತಿ ಸಾಮಾನಿನ ಎದುರು ಸ್ಥಿತಿ ಬರೆದಿರಬೇಕು. 'ಪರಿಶೀಲನೆ ಗೋದಾಮಿನಲ್ಲಿ' ಎಂದಷ್ಟೇ ಇದ್ದರೆ ದಾರಿಯಲ್ಲಿ ಆದ ಹಾನಿಯೂ ನಿಮ್ಮ ಖಾತೆಗೇ ಬರುತ್ತದೆ.

ಫ್ರಿಜ್ ಸ್ವಿಚ್ ಹಾಕಿ ಕಂಪ್ರೆಸರ್ ಶಬ್ದ ಕೇಳಿಸಿ ಆರಿಸಿ. ಮೆಷಿನ್‌ನ ಡ್ರಮ್ ತಿರುಗಿಸಿ ತೋರಿಸಿ. ಆ ಹೊತ್ತಿಗೆ ಕರೆಂಟ್ ಹೋಗಿದ್ದರೆ ಷರಾದಲ್ಲಿ 'ವಿದ್ಯುತ್ ಇಲ್ಲದ ಕಾರಣ ಪರೀಕ್ಷಿಸಿಲ್ಲ, ಹಿಂದಿನ ವಿಡಿಯೋ ಇದೆ' ಎಂದು ಬರೆಸಿ. ಉಬ್ಬಿನ ವಿಷಯಕ್ಕೆ 'ನೀರಿನ ಹಾನಿ' ಬದಲು ಕಂಡದ್ದನ್ನಷ್ಟೇ ಬರೆಸಿ: 'ಹಿಂದಿನ ಹಲಗೆ ಉಬ್ಬಿದೆ, ಗೋಡೆಯ ತೇವ. ಬಾಗಿಲು, ಬದಿಯ ಹಲಗೆ ಸರಿ.' ಮೊಬೈಲ್ ಫಾರ್ಮಿನಲ್ಲಿ ಷರಾ ಬರೆಯಲು ಜಾಗವೇ ಇಲ್ಲದಿದ್ದರೆ, ಸಹಿ ಮಾಡುವ ಮುಂಚೆ ಆ ಪರದೆಯ ಫೋಟೋ ತೆಗೆದು, ನಿಮ್ಮ ಷರಾವನ್ನು ಅಲ್ಲೇ ನಿಂತು ಟಿಕೆಟ್‌ಗೆ ಕಳಿಸಿ. ಸಮಯ ದಾಖಲಾಗುತ್ತದೆ. ತಾಡಪಾಲು ಇಲ್ಲದ ಗಾಡಿ ಬಂದಿದ್ದರೆ ಅದರ ಫೋಟೋ ಕೂಡ ಇರಲಿ.

ಹಾನಿಯ ಬಿಲ್ ಬಂದ ಮೇಲೆ

ನಮ್ಮ ಉದಾಹರಣೆಯಲ್ಲಿ ವಾರ್ಡ್‌ರೋಬಿಗೆ 2,800 ಹಾನಿ, ಜಿಎಸ್‌ಟಿ 504, ಒಟ್ಟು 3,304 ಎಂದು ಬಿಲ್ ಬಂತು ಎಂದುಕೊಳ್ಳಿ. ಉಳಿದಿದ್ದ 271 ಅದರಲ್ಲಿ ಕರಗಿ, ನೀವೇ 3,033 ಕೊಡಬೇಕು ಎಂದಾಯಿತು.

ಮೂರು ಪ್ರಶ್ನೆ ಕೇಳಿ. ಹಾನಿ ಯಾವ ಭಾಗಕ್ಕೆ, ಅದರ ಫೋಟೋ ಎಲ್ಲಿ? ರಿಪೇರಿಯ ಬಿಲ್ ಎಲ್ಲಿ? ವಾರ್ಡ್‌ರೋಬ್ ಎಷ್ಟು ವರ್ಷದ್ದು? ಬಾಡಿಗೆ ಸಾಮಾನು ನಿಮ್ಮ ಮನೆಗೆ ಬರುವಾಗಲೇ ಎರಡು ಮೂರು ಮನೆ ಕಂಡಿರುತ್ತದೆ. ಹೊಸದರ ಬೆಲೆಯ ಮೇಲೆ ಲೆಕ್ಕ ಹಾಕಿದ್ದರೆ ಒಪ್ಪಬೇಡಿ. ಹಿಂದಿನ ಹಲಗೆ ಒಂದೇ ಹೋಗಿದ್ದರೆ ಅದೊಂದರ ಬದಲಾವಣೆಯ ಖರ್ಚು, 900 ಆಗಿದ್ದರೆ 900, ಅಷ್ಟೇ ಮಾತಾಡಿ.

ಜಿಎಸ್‌ಟಿಯ ಮೇಲೂ ಕಣ್ಣಿಡಿ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 2022ರ ಆಗಸ್ಟ್ 3ರ ಸುತ್ತೋಲೆ, ಸಂಖ್ಯೆ 178, ಇದನ್ನು ಬಿಡಿಸಿ ಹೇಳಿದೆ. ಅವಧಿಗೆ ಮುಂಚೆ ಬಿಡಲು ಒಪ್ಪಂದದಂತೆ ಕೊಡುವ ಶುಲ್ಕ ಒಂದು ಸೌಲಭ್ಯದ ಬೆಲೆ, ಅದಕ್ಕೆ ತೆರಿಗೆ ಉಂಟು. ಆಸ್ತಿಗೆ ಆದ ಹಾನಿಗೆ ಬರೀ ಪರಿಹಾರವಾಗಿ ಕೊಡುವ ಹಣ ಯಾವ ಸೇವೆಯ ಬೆಲೆಯೂ ಅಲ್ಲ, ಅದಕ್ಕೆ ತೆರಿಗೆ ಇಲ್ಲ. ಹಾಗಾಗಿ 2,891ರಲ್ಲಿನ 441 ಸರಿ, ಹಾನಿಯ ಮೇಲಿನ 504 ಪ್ರಶ್ನಾರ್ಹ. 900ಕ್ಕೆ ಇಳಿದು ತೆರಿಗೆ ಬಿಟ್ಟರೆ ನೀವು ಕೊಡಬೇಕಾದ್ದು 629. ಗೋಡೆಯ ಥಂಡಿ ಎಂಬುದನ್ನು ಒಪ್ಪಿ ಹಾನಿ ಪೂರ್ತಿ ಬಿಟ್ಟರೆ 271 ನಿಮಗೇ ವಾಪಸ್.

ಕಂಪ್ರೆಸರ್ ಸುಟ್ಟಿದೆ, ಬೋರ್ಡ್ ಹೋಗಿದೆ ಎಂಬ ಬಿಲ್ ಬೇರೆ ಜಾತಿಯದು. ವೋಲ್ಟೇಜ್ ಏರಿಳಿತ ಕಾರಣವಾದರೆ ಮೆಸ್ಕಾಂನ 1912ಕ್ಕೆ ಆ ದಿನವೇ ಕೊಟ್ಟ ದೂರಿನ ಸಂಖ್ಯೆ ಒಳ್ಳೆಯ ಸಾಕ್ಷಿ. ಆದರೆ ಸ್ಟೆಬಿಲೈಸರ್ ಹಾಕುವುದು ನಿಮ್ಮ ಹೊಣೆ ಎಂದು ಕಾಗದದಲ್ಲಿದ್ದು ಹಾಕದೆ ಬಿಟ್ಟಿದ್ದರೆ ವಾದ ಸಡಿಲವಾಗುತ್ತದೆ.

ಡೆಪಾಸಿಟ್ ವಾಪಸಿಗೆ ಒಪ್ಪಂದದಲ್ಲಿ ಎಷ್ಟು ದಿನ ಎಂದಿದೆಯೋ ಅಷ್ಟು ಕಾಯಿರಿ. ದಾಟಿದ ಮರುದಿನ ಟಿಕೆಟ್, ರಸೀದಿ, ನಿಮ್ಮ ಲೆಕ್ಕ ಮೂರನ್ನೂ ಒಂದೇ ಇಮೇಲಿನಲ್ಲಿ ಹಾಕಿ ಹದಿನೈದು ದಿನದ ಗಡುವು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಗೆ ವರ್ಗವಾಗಿ ಅಲ್ಲೇ ವಾಸವಿದ್ದರೆ ಧಾರವಾಡ ಜಿಲ್ಲೆಯಲ್ಲೂ ಆಗುತ್ತದೆ. ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶ. 271 ರೂಪಾಯಿಗೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ, ನಿಜ. 11,800ರ ಬಿಲ್ ಬಂದವರು ಹೋಗಬೇಕು.